ಒಂಬತ್ತು ಜನ, ನಾಲ್ಕು ಗಂಟೆ, ಆರು ಮಹಡಿ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಯಾವುದೇ ದೊಡ್ಡ ಆಫೀಸು ಕಟ್ಟಡದ ಹಿಂಬಾಗಿಲ ಹತ್ತಿರ ಸಂಜೆ ಹೊತ್ತು ನಿಂತರೆ, ಕ್ಯಾಬ್ ಹತ್ತಲು ಹೊರಟವರ ಎದುರಿಗೇ ಹೌಸ್‌ಕೀಪಿಂಗ್‌ನವರು ಒಳಗೆ ಬರುವುದು ಕಾಣುತ್ತದೆ. ಬೆಳಿಗ್ಗೆಯೊಳಗೆ ಇಡೀ ಕಟ್ಟಡ ಹೊಸದರಂತಿರಬೇಕು. ಅದಕ್ಕೆ ಎಷ್ಟು ಜನ ಬೇಕು? ಹೆಚ್ಚಿನ ಕಡೆ ಇದನ್ನು ಕಟ್ಟಡದ ಚದರಡಿ ನೋಡಿ, ಅಂದಾಜಿನ ಮೇಲೆ ಹೇಳಿಬಿಡುತ್ತಾರೆ. ನಿಜವಾದ ಲೆಕ್ಕ ಶುರುವಾಗಬೇಕಾದ್ದು ನಿಮಿಷದಿಂದ.

ಒಂದು ಉದಾಹರಣೆ ನೋಡೋಣ. ಆರು ಮಹಡಿಯ ಕಟ್ಟಡ, ಮಹಡಿಗೆ 120 ಮೇಜು. ಶೌಚಾಲಯದಲ್ಲಿ ಕಮೋಡು, ಯೂರಿನಲ್, ವಾಷ್‌ಬೇಸಿನ್ ಸೇರಿ 20. ಒಂದೊಂದಕ್ಕೆ 3 ನಿಮಿಷವೆಂಬುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಲೆಕ್ಕ. ಒಟ್ಟು 60 ನಿಮಿಷ. ಮೇಜು ಒರೆಸಲು ಅರ್ಧರ್ಧ ನಿಮಿಷವೆಂದರೆ 60, ಪ್ರತಿ ಮೇಜಿನ ಕೆಳಗಿನ ಕಸದ ಬುಟ್ಟಿ ಖಾಲಿ ಮಾಡಲು ಇನ್ನೊಂದು 60. ಆರು ಮೀಟಿಂಗ್ ರೂಮಿಗೆ 30, ಪ್ಯಾಂಟ್ರಿಗೆ 25, ಓಡಾಡುವ ದಾರಿಗೆ ವ್ಯಾಕ್ಯೂಮ್ ಹಾಕಲು 45. ಅಂದರೆ ಮಹಡಿಗೆ 280 ನಿಮಿಷ. ಆರು ಮಹಡಿಗೆ 1680, ಲಾಬಿ ಮತ್ತು ಮೆಟ್ಟಿಲಿಗೆ 45 ಸೇರಿದರೆ 1725.

ಪಾಳಿ ರಾತ್ರಿ 7ರಿಂದ 11. ನಾಲ್ಕು ಗಂಟೆಯೆಂದರೆ 240 ನಿಮಿಷವಾದರೂ ಕೈಗೆ ಅಷ್ಟು ಸಿಗುವುದಿಲ್ಲ. ಹಾಜರಿ ಹಾಕಿ ಸಾಮಾನು ತೆಗೆದುಕೊಳ್ಳಲು 10, ಚಹಾಕ್ಕೆ 15, ಸರ್ವಿಸ್ ಲಿಫ್ಟಿಗೆ ಕಾಯಲು, ನೀರು ಬದಲಿಸಲು, ಕೊನೆಗೆ ಮಾಪ್ ತೊಳೆದಿಡಲು 20 ಹೋಗುತ್ತದೆ. ಉಳಿಯುವುದು 195. ಹೀಗೆ ಭಾಗಿಸಿದರೆ ಒಂಬತ್ತು ಜನ ಬೇಕು. ಈ 45 ನಿಮಿಷವನ್ನು ಬಿಟ್ಟು 240ರಿಂದಲೇ ಭಾಗಿಸಿದರೆ ಎಂಟು ಜನ ಸಾಕೆನಿಸುತ್ತದೆ. ಆ ಒಂಬತ್ತನೆಯವರ ಕೆಲಸವನ್ನು ಎಂಟು ಜನ ತಮ್ಮ ಚಹಾ ಬಿಟ್ಟು ಮಾಡಬೇಕಾಗುತ್ತದೆ.

ಇನ್ನು ಹಂಚಿಕೆ. ಒಬ್ಬರಿಗೆ ಒಂದು ಮಹಡಿ ಎಂದು ಕೊಡುವುದು ಸುಲಭ, ಆದರೆ ಶೌಚಾಲಯ ಒರೆಸಿದ ಕೈಯೇ ಪ್ಯಾಂಟ್ರಿಗೂ ಹೋಗುತ್ತದೆ. ಶೌಚಾಲಯಗಳನ್ನೆಲ್ಲ ಒಂದೇ ವಲಯವೆಂದು ತೆಗೆದು ಇಬ್ಬರಿಗೆ ಕೊಡುವುದು ಮೇಲು. ಆರು ಮಹಡಿಯದು 360 ನಿಮಿಷ, ಇಬ್ಬರ ಬಳಿ ಇರುವುದು 390. ಮಿಕ್ಕ 30 ಸೋಪು, ಟಿಶ್ಯೂ ತುಂಬಲು. ಅವರ ಕೆಂಪು ಬಟ್ಟೆ, ಕೆಂಪು ಬಕೆಟ್ ಶೌಚಾಲಯ ಬಿಟ್ಟು ಹೊರಬರಬಾರದು. ಇಲ್ಲಿ ಕೆಲಸದ ಕ್ರಮವೂ ಮುಖ್ಯ. ಕ್ರಿಮಿನಾಶಕ ಹಾಕಿದ ಕೂಡಲೇ ಒರೆಸಿದರೆ ಅದು ಕ್ರಿಮಿ ಕೊಲ್ಲುವುದಿಲ್ಲ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒದ್ದೆಯಾಗಿ ನಿಲ್ಲಬೇಕು. ತಿಳಿದವರು ಮೊದಲು ಎಲ್ಲ ಕಮೋಡಿಗೂ ಹಾಕಿಕೊಂಡು ಬರುತ್ತಾರೆ, ಆಮೇಲೆ ಕನ್ನಡಿ, ಬೇಸಿನ್ ಮುಗಿಸಿ, ತಿರುಗಿ ಹೋಗಿ ಉಜ್ಜುತ್ತಾರೆ. ಕಾಯುವ ಹೊತ್ತು ಬೇರೆ ಖರ್ಚಾಗುವುದಿಲ್ಲ.

ಈ ಇಬ್ಬರು ಯಾರು ಎಂಬುದನ್ನು ವಾರವಾರವೂ ಬದಲಿಸಲೇಬೇಕು. ನಮ್ಮಲ್ಲಿ ಶೌಚಾಲಯದ ಕೆಲಸ ಯಾರ ಪಾಲಿಗೆ ಬರುತ್ತದೆಂದು ಹೇಳಬೇಕಿಲ್ಲ. ವೇಳಾಪಟ್ಟಿ ಅದನ್ನು ಶಾಶ್ವತ ಮಾಡಬಾರದು.

ಉಳಿದ ಏಳು ಜನರ 1365 ನಿಮಿಷಕ್ಕೆ ಉಳಿದ ಕೆಲಸ ಸರಿಯಾಗಿ 1365. ಒಂದು ನಿಮಿಷವೂ ಹೆಚ್ಚಿಲ್ಲ. ಒಬ್ಬರು ರಜೆ ಹಾಕಿದರೆ 195 ನಿಮಿಷದ ಕೆಲಸ ನಿಲ್ಲುತ್ತದೆ. ಯಾವುದನ್ನು ಬಿಡಬೇಕೆಂದು ಮೊದಲೇ ಬರೆದಿಟ್ಟಿರಬೇಕು: ಮೂರು ಮಹಡಿಯ ಮೇಜು ಒರೆಸುವುದನ್ನು ಮರುದಿನಕ್ಕೆ ತಳ್ಳಿದರೆ 180, ಅಂದು ಯಾರೂ ಬಳಸದ ಮೂರು ಮೀಟಿಂಗ್ ರೂಮು ಬಿಟ್ಟರೆ 15. ಅಲ್ಲಿಗೆ ಸರಿಹೋಯಿತು. ಶೌಚಾಲಯ, ಪ್ಯಾಂಟ್ರಿ ಮಾತ್ರ ಬಿಡುವಂತಿಲ್ಲ. ರಜೆ ಹಾಕಿದವರು ಶೌಚಾಲಯದವರೇ ಆಗಿದ್ದರೆ ಏಳರಲ್ಲೊಬ್ಬರು ಆ ಕಡೆ ಹೋಗಬೇಕು. ಮೊದಲೇ ಬರೆದಿಡದಿದ್ದರೆ ಎಲ್ಲವೂ ಅರೆಬರೆಯಾಗುತ್ತದೆ. ಅದು ಗೊತ್ತಾಗುವುದು ಬಾಗಿಲ ಹಿಂದಿನ ಚೆಕ್‌ಲಿಸ್ಟಿನಿಂದ: ನಾಲ್ಕು ಗಂಟೆಯ ಟಿಕ್ಕುಗಳೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ ಇರುತ್ತವೆ.

ಯಾವ ಮಹಡಿ ಮೊದಲು ಎಂಬುದನ್ನು ಅದು ಖಾಲಿಯಾಗುವ ಹೊತ್ತು ನಿರ್ಧರಿಸುತ್ತದೆ. ಬಾಗಿಲಿಗೆ ತೋರಿಸುವ ಕಾರ್ಡಿನ ದಾಖಲೆ ಎರಡು ವಾರದ್ದು ನೋಡಿದರೆ ಸಾಕು, ಮೂರನೆಯ ಮಹಡಿ ಏಳಕ್ಕೇ ಖಾಲಿ, ಅಮೆರಿಕದ ಜೊತೆ ಮಾತಾಡುವ ಐದನೆಯದು ಹತ್ತಾದರೂ ಇಲ್ಲ ಎಂದು ತಿಳಿಯುತ್ತದೆ. ತಿಂಗಳ ಕೊನೆಯಲ್ಲಿ ಅಕೌಂಟ್ಸ್ ವಿಭಾಗದ ದೀಪ ಆರುವುದಿಲ್ಲ. ಆ ನಾಲ್ಕು ದಿನಕ್ಕೆ ಬೇರೆ ಪಟ್ಟಿ ಬೇಕು. ತಡವಾಗುವ ಮಹಡಿಗೆ ಕಾಯುತ್ತ ಪಾಳಿ ಎಳೆಯುವಂತಿಲ್ಲ. ಈ ಕೆಲಸದಲ್ಲಿರುವವರಲ್ಲಿ ಬಹಳಷ್ಟು ಜನ ಹೆಣ್ಣುಮಕ್ಕಳು. ರಾತ್ರಿ ಪಾಳಿಗೆ ಅವರ ಒಪ್ಪಿಗೆ, ಮನೆಗೆ ಬಿಡುವ ವಾಹನ ಎರಡೂ ಇರಬೇಕೆಂದು ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. 11ಕ್ಕೆ ವ್ಯಾನು ಹೊರಡುತ್ತದೆಂದರೆ 11ಕ್ಕೆ ಹೊರಡಬೇಕು.

ರಾತ್ರಿ ಎಂಟೂವರೆಗೆ ಮೀಟಿಂಗ್ ಇಟ್ಟುಕೊಂಡಿದ್ದೀರಾ? ಸಂಜೆ ಐದರೊಳಗೆ ಹೌಸ್‌ಕೀಪಿಂಗ್ ಸೂಪರ್‌ವೈಸರ್‌ಗೆ ಒಂದು ಮಾತು ತಿಳಿಸಿಬಿಡಿ.