ಆಟೊಪೇ ಕಡಿತ ಮತ್ತು ಹೊಸ ಬ್ಯಾಚಿನ ನಡುವಿನ ದಿನಗಳು

ಆನ್‌ಲೈನ್ ಕೋರ್ಸಿಗೆ ಚಂದಾದಾರರಾಗುವಾಗ ಎರಡು ಒಪ್ಪಂದಗಳು ಏರ್ಪಡುತ್ತವೆ. ಒಂದು, ಪಾಠ ಕೊಡುವ ಸಂಸ್ಥೆಯೊಂದಿಗೆ. ಇನ್ನೊಂದು, ಗೊತ್ತಾದ ದಿನ ಹಣ ಕಡಿತ ಮಾಡಲು ಬ್ಯಾಂಕಿಗೆ ಕೊಡುವ ಅನುಮತಿ, ಅಂದರೆ ಇ-ಮ್ಯಾಂಡೇಟ್. ಆ್ಯಪ್ ಅಳಿಸಿದರೆ ಇವೆರಡರಲ್ಲಿ ಯಾವುದೂ ಮುಗಿಯುವುದಿಲ್ಲ. ಬಳಸದ ಕೋರ್ಸಿಗೂ ಹಣ ಹೋಗುತ್ತಲೇ ಇರುವುದಕ್ಕೆ ಬಹುಪಾಲು ಇದೇ ಕಾರಣ.

ಭಾರತದಲ್ಲಿ 2021ರ ಅಕ್ಟೋಬರ್‌ನಿಂದ ಬಿಗಿಯಾಗಿ ಜಾರಿಯಾದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ತಲುಪಬೇಕು. ಮೊತ್ತ, ದಿನಾಂಕ, ಪಡೆಯುವವರ ಹೆಸರು ಅದರಲ್ಲಿರುತ್ತವೆ. ಆ ಕಡಿತವನ್ನು ಅಥವಾ ಇಡೀ ಮ್ಯಾಂಡೇಟನ್ನು ನಿಲ್ಲಿಸುವ ಅವಕಾಶವೂ ಇರುತ್ತದೆ. ಜಾಹೀರಾತು ಸಂದೇಶಗಳ ರಾಶಿಯಲ್ಲಿ ಕಳೆದುಹೋಗುವ ಈ ಪುಟ್ಟ ಎಸ್‌ಎಂಎಸ್ ನಿಜಕ್ಕೂ ಬಹಳ ಬೆಲೆಯುಳ್ಳದ್ದು, ಏಕೆಂದರೆ ಹಣ ಹೋಗುವ ಮೊದಲು ತಡೆಯುವುದು ಹೋದದ್ದನ್ನು ಹಿಂದೆ ಪಡೆಯುವುದಕ್ಕಿಂತ ಎಷ್ಟೋ ಸುಲಭ.

ಮೂರು ತಿಂಗಳಿಗೊಮ್ಮೆ 12,000 ರೂಪಾಯಿ ಶುಲ್ಕದ ಕೋರ್ಸೊಂದನ್ನು ಊಹಿಸಿಕೊಳ್ಳಬಹುದು. ನವೀಕರಣ ಜೂನ್ 20ಕ್ಕೆ, ಹೊಸ ಬ್ಯಾಚು ಜುಲೈ 1ಕ್ಕೆ. ಮೊತ್ತ 15,000 ರೂಪಾಯಿಯ ಮಿತಿಯೊಳಗಿರುವುದರಿಂದ ಒಟಿಪಿ ಕೇಳದೆಯೇ ಕಡಿತವಾಗುತ್ತದೆ. ಜೂನ್ 19ರೊಳಗೆ ಬರುವ ಸೂಚನೆ ಕಣ್ಣಿಗೆ ಬೀಳದಿದ್ದರೆ ಉಳಿಯುವುದು ಮರುಪಾವತಿಯ ಅವಧಿ ಮಾತ್ರ. ಸಂಸ್ಥೆಯ ನಿಯಮ 'ಪಾವತಿಯಿಂದ 14 ದಿನ ಅಥವಾ ಬ್ಯಾಚು ಆರಂಭ, ಯಾವುದು ಮೊದಲೋ ಅದು' ಎಂದಿದ್ದರೆ, ಹದಿನಾಲ್ಕು ದಿನದ ಲೆಕ್ಕ ಜುಲೈ 4ಕ್ಕೆ ಮುಟ್ಟುತ್ತದಾದರೂ ಬಾಗಿಲು ಜೂನ್ 30ರಂದೇ ಮುಚ್ಚುತ್ತದೆ. 'ಮುಂದಿನ ಬ್ಯಾಚಿಗೆ ವರ್ಗಾಯಿಸಿಕೊಡುತ್ತೇವೆ' ಎಂಬ ಮಾತಿಗೆ ಒಪ್ಪುವುದರಿಂದ ಅವಧಿ ಹಿಗ್ಗುತ್ತದೆಂದು ಭಾವಿಸುವಂತಿಲ್ಲ. ಹಾಗೆ ಒಪ್ಪಿದವರಿಗೆ ಮರುಪಾವತಿ ಇಲ್ಲವೆಂಬ ಷರತ್ತೂ ಇರಬಹುದು.

ರದ್ದತಿ ಮತ್ತು ಮರುಪಾವತಿ ಬೇರೆ ಬೇರೆ ಎಂಬುದು ಇಲ್ಲಿ ತೊಡಕಿನ ಸಂಗತಿ. ಚಂದಾ ರದ್ದಾದರೆ ಮುಂದಿನ ಕಡಿತ ನಿಲ್ಲುತ್ತದೆ, ಕಟ್ಟಿದ ಹಣ ತಾನಾಗಿ ಮರಳುವುದಿಲ್ಲ. ಅದಕ್ಕೆ ಅವಧಿಯೊಳಗೆ ಪ್ರತ್ಯೇಕ ಕೋರಿಕೆ ಸಲ್ಲಿಸಬೇಕಾಗಬಹುದು. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಉಳಿಯದು, ಇಮೇಲ್‌ಗೆ ದಿನಾಂಕವಿರುತ್ತದೆ. ಹಾಗೆಯೇ ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲಿ ಮ್ಯಾಂಡೇಟ್ ಮಾತ್ರ ರದ್ದುಮಾಡಿದರೆ ಹಣದ ಹರಿವು ನಿಲ್ಲುತ್ತದೆ. ಆದರೆ ಸಂಸ್ಥೆಯ ಖಾತೆಯಲ್ಲಿ ಚಂದಾ 'ಬಾಕಿ' ಎಂದು ಉಳಿಯಬಹುದು. ಮೊದಲು ಸಂಸ್ಥೆಯ ಖಾತೆಯಲ್ಲಿ ರದ್ದುಮಾಡಿ, ದೃಢೀಕರಣ ಬಂದ ಮೇಲೆ ಮ್ಯಾಂಡೇಟ್ ತೆಗೆಯುವ ಕ್ರಮ ಆದ್ದರಿಂದಲೇ ಮೇಲು. ಕಡಿತಕ್ಕೆ ಒಂದೇ ದಿನ ಉಳಿದಿದ್ದರೆ ಮಾತ್ರ ಈ ಕ್ರಮ ತಿರುಗುಮುರುಗಾಗುವುದು ಸರಿ.

ಮರುಪಾವತಿ ಮಂಜೂರಾದರೆ ಹಣ ಸಾಮಾನ್ಯವಾಗಿ ಹೋದ ದಾರಿಯಲ್ಲೇ, ಅದೇ ಕಾರ್ಡಿಗೆ ಅಥವಾ ಖಾತೆಗೆ ಮರಳುತ್ತದೆ. ಇದಕ್ಕೆ ಕೆಲವು ದಿನ ಹಿಡಿಯುತ್ತದೆ. 'ಕಳುಹಿಸಿದ್ದೇವೆ' ಎಂದು ಸಂಸ್ಥೆ ಹೇಳಿಯೂ ಜಮೆ ಕಾಣದಿದ್ದಾಗ, ಆ ವ್ಯವಹಾರದ ಉಲ್ಲೇಖ ಸಂಖ್ಯೆಯಿಂದ ಬ್ಯಾಂಕು ಅದರ ಜಾಡು ಹಿಡಿಯಬಲ್ಲದು.