ಮೀನು, ಶಾರ್ಕ್ ಮತ್ತು ಸ್ಥಿರತೆಯ ಲೆಕ್ಕ

ಸಣ್ಣ ಮೀನುಗಳೂ ಅವುಗಳನ್ನು ತಿಂದು ಬದುಕುವ ಶಾರ್ಕ್‌ಗಳೂ ಒಂದೇ ಕಡಲಲ್ಲಿದ್ದಾಗ ಎರಡರ ಸಂಖ್ಯೆಯೂ ಏರಿಳಿಯುತ್ತದೆ. ಮೀನು ಹೆಚ್ಚಿದರೆ ಶಾರ್ಕ್ ಹೆಚ್ಚುತ್ತದೆ; ಶಾರ್ಕ್ ಹೆಚ್ಚಿದರೆ ಮೀನು ಕುಗ್ಗುತ್ತದೆ; ಆಹಾರ ಸಾಲದೆ ಶಾರ್ಕ್ ಕೂಡ ಕುಗ್ಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಮೀನುಗಾರಿಕೆ ತಗ್ಗಿದಾಗ ಏಡ್ರಿಯಾಟಿಕ್ ಸಮುದ್ರದ ಮೀನಿನ ಹಿಡುವಳಿಯಲ್ಲಿ ಪರಭಕ್ಷಕಗಳ ಪಾಲು ಹೆಚ್ಚಿದ್ದನ್ನು ಜೀವವಿಜ್ಞಾನಿ ಉಂಬರ್ಟೊ ಡಿ ಆಂಕೋನಾ ಗುರುತಿಸಿದರು. ಇದರ ಕಾರಣ ಹುಡುಕಹೊರಟ ಇಟಲಿಯ ಗಣಿತಜ್ಞ ವಿಟೊ ವೋಲ್ಟೆರಾ 1926ರಲ್ಲಿ ಒಂದು ಮಾದರಿಯನ್ನು ಪ್ರಕಟಿಸಿದರು. ಅಮೆರಿಕದ ಆಲ್ಫ್ರೆಡ್ ಲೋಟ್ಕಾ ಇಂಥದೇ ಸಮೀಕರಣಗಳನ್ನು ಬೇರೆ ದಾರಿಯಿಂದ ತಲುಪಿದ್ದರು. ಹಾಗಾಗಿ ಇದಕ್ಕೆ ಲೋಟ್ಕಾ–ವೋಲ್ಟೆರಾ ಮಾದರಿ ಎಂದು ಹೆಸರು.

ಮೀನಿನ ಸಂಖ್ಯೆ x (ಸಾವಿರಗಳಲ್ಲಿ), ಶಾರ್ಕ್‌ಗಳ ಸಂಖ್ಯೆ y, ಕಾಲ ತಿಂಗಳುಗಳಲ್ಲಿ ಎಂದಿರಲಿ. ಉದಾಹರಣೆಗೆಂದು ಕೆಲವು ಅಂಕಿಗಳನ್ನು ಆರಿಸಿಕೊಂಡರೆ ಮಾದರಿ ಹೀಗಿರುತ್ತದೆ:

x′ = 0.8x − 0.04xy
y′ = −0.2y + 0.002xy

ಇಲ್ಲಿ x′ ಎಂದರೆ x ಬದಲಾಗುವ ವೇಗ. ಶಾರ್ಕ್ ಇಲ್ಲದಿದ್ದರೆ ಮೀನು ಬೆಳೆಯುತ್ತಲೇ ಇರುತ್ತದೆ, ಮೀನಿಲ್ಲದಿದ್ದರೆ ಶಾರ್ಕ್ ಕ್ಷೀಣಿಸುತ್ತದೆ. ಎರಡೂ ಎದುರಾಗುವುದನ್ನು xy ಎಂಬ ಗುಣಲಬ್ಧ ಸೂಚಿಸುತ್ತದೆ. ಈ ಗುಣಲಬ್ಧದಿಂದಲೇ ಸಮೀಕರಣಗಳು ಅರೇಖೀಯವಾಗುತ್ತವೆ, ಬಿಡಿಸುವುದು ಕಷ್ಟವಾಗುತ್ತದೆ.

ಎರಡೂ ವೇಗಗಳು ಸೊನ್ನೆಯಾಗುವ ಸ್ಥಿತಿಯೇ ಸಮತೋಲನ ಬಿಂದು. ಎರಡೂ ಜೀವಿಗಳು ಉಳಿದಿರುವ ಸಮತೋಲನ ಇಲ್ಲಿ x = 100, y = 20. ಬಿರುಗಾಳಿಯೋ ಬಲೆಯೋ ಈ ಸ್ಥಿತಿಯನ್ನು ಸ್ವಲ್ಪ ಕದಡಿದರೆ ಅದು ಮರಳಿ ಸರಿಹೋಗುವುದೇ, ಇನ್ನಷ್ಟು ದೂರ ಸರಿಯುವುದೇ ಎಂಬುದು ಸ್ಥಿರತೆಯ ಪ್ರಶ್ನೆ.

ಉತ್ತರ ಹುಡುಕಲು ಸಮತೋಲನದಿಂದ ಆದ ವ್ಯತ್ಯಾಸಗಳನ್ನೇ ಹೊಸ ಚರಗಳಾಗಿ ಇಟ್ಟುಕೊಳ್ಳಬೇಕು: x = 100 + u, y = 20 + v. ಇವನ್ನು ಸಮೀಕರಣಗಳಿಗೆ ಹಾಕಿ ಬಿಡಿಸಿದರೆ ಸಿಗುವುದು ಇದು:

u′ = −4v − 0.04uv
v′ = 0.04u + 0.002uv

ಇದುವರೆಗೆ ಏನನ್ನೂ ಬಿಟ್ಟಿಲ್ಲ. u, v ಎರಡೂ 1 ಇದ್ದಾಗ ಮೊದಲ ಸಮೀಕರಣದ −4v ಪದದ ಬೆಲೆ −4, uv ಪದದ್ದು −0.04 ಮಾತ್ರ, ಅಂದರೆ ನೂರರಲ್ಲಿ ಒಂದು ಪಾಲು. ಆದ್ದರಿಂದ ಸಮತೋಲನದ ಹತ್ತಿರ uv ಪದಗಳನ್ನು ಕೈಬಿಡಬಹುದು. ಇದೇ ರೇಖೀಕರಣ. ಆದರೆ u = 50, v = 10 ಆದರೆ ಅದೇ ಪದಗಳ ಬೆಲೆ −40 ಮತ್ತು −20. ಅಷ್ಟು ದೊಡ್ಡ ಪದವನ್ನು ಕೈಬಿಟ್ಟರೆ ಲೆಕ್ಕ ಕೆಡುತ್ತದೆ. ರೇಖೀಕರಣದ ತೀರ್ಪು ಸಮತೋಲನದ ಆಸುಪಾಸಿಗಷ್ಟೇ ಸೀಮಿತ.

ಉಳಿದ ಸರಳ ಸಮೀಕರಣಗಳಲ್ಲಿ ವ್ಯತ್ಯಾಸಗಳು e^(λt) ಮಾದರಿಯಲ್ಲಿ, ಅಂದರೆ e ಸಂಖ್ಯೆಯ ಘಾತ λt ಆಗಿ ಬದಲಾಗುತ್ತವೆ ಎಂದಿಟ್ಟುಕೊಂಡರೆ λ² = −0.16 ಬರುತ್ತದೆ. ಈ λ ಬೆಲೆಗಳಿಗೆ ಐಗೆನ್ ಮೌಲ್ಯಗಳೆಂದು ಹೆಸರು. ಅವುಗಳ ವಾಸ್ತವ ಭಾಗವೆಲ್ಲ ಋಣವಾಗಿದ್ದರೆ ವ್ಯತ್ಯಾಸ ಕರಗುತ್ತದೆ, ಸಮತೋಲನ ಸ್ಥಿರ. ಒಂದರ ವಾಸ್ತವ ಭಾಗವಾದರೂ ಧನವಾಗಿದ್ದರೆ ವ್ಯತ್ಯಾಸ ಬೆಳೆಯುತ್ತದೆ, ಸಮತೋಲನ ಅಸ್ಥಿರ. ಕಾಲ್ಪನಿಕ ಭಾಗವಿದ್ದರೆ ಏರಿಳಿತ ಇರುತ್ತದೆ.

ಇಲ್ಲಿ λ = ±0.4i. ವಾಸ್ತವ ಭಾಗ ಸೊನ್ನೆ. ಸರಳ ಸಮೀಕರಣಗಳ ಪ್ರಕಾರ ಸಂಖ್ಯೆಗಳು ಸುಮಾರು 15.7 ತಿಂಗಳಿಗೊಮ್ಮೆ ಒಂದು ಸುತ್ತು ಮುಗಿಸಿ ಹೊರಟಲ್ಲಿಗೇ ಬರುತ್ತವೆ. ಆದರೆ ಈ ಉತ್ತರವನ್ನು ಮೂಲ ಮಾದರಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಒಳಕ್ಕೂ ಹೊರಕ್ಕೂ ಎಳೆತವಿಲ್ಲದಿದ್ದಾಗ ನಾವು ಕೈಬಿಟ್ಟ ಸಣ್ಣ ಪದವೇ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ಎಳೆದು ಫಲಿತಾಂಶವನ್ನು ಬದಲಿಸಬಲ್ಲದು. ಇಂಥಲ್ಲಿ ರೇಖೀಕರಣ ತೀರ್ಪು ಕೊಡಲಾರದು, ಬೇರೆ ಸಾಕ್ಷ್ಯ ಬೇಕು. ಈ ಮಾದರಿಗೆ ಆ ಸಾಕ್ಷ್ಯವಿದೆ: 0.002x − 0.2 ln x + 0.04y − 0.8 ln y ಎಂಬ ಮೊತ್ತ ಕಾಲ ಸರಿದರೂ ಬದಲಾಗುವುದಿಲ್ಲ. ಹಾಗಾಗಿ ಮೂಲ ಮಾದರಿಯಲ್ಲೂ ಪಥಗಳು ಮುಚ್ಚಿದ ಸುತ್ತುಗಳೇ.

ಇಂಥ ಸುತ್ತು ಸೂಕ್ಷ್ಮವಾದದ್ದು. ಮೀನಿಗೂ ಜಾಗ, ಆಹಾರಗಳ ಮಿತಿ ಇದೆ ಎಂದು ಒಪ್ಪಿ ಮೊದಲ ಸಮೀಕರಣಕ್ಕೆ −0.002x² ಎಂಬ ಪದವನ್ನು ಸೇರಿಸಿದರೆ ಚಿತ್ರವೇ ಬದಲಾಗುತ್ತದೆ. ಆಗ ಶಾರ್ಕ್ ಇಲ್ಲದಿದ್ದರೂ ಮೀನು 400 ಸಾವಿರದಲ್ಲಿ ನಿಲ್ಲುತ್ತದೆ. ಹೊಸ ಸಮತೋಲನ x = 100, y = 15. ಮೊದಲಿನಂತೆಯೇ ಸರಳೀಕರಿಸಿದರೆ:

u′ = −0.2u − 4v
v′ = 0.03u

ಇದರಿಂದ λ² + 0.2λ + 0.12 = 0 ಎಂಬ ಸಮೀಕರಣ ಸಿಗುತ್ತದೆ; λ = −0.1 ± 0.33i. ವಾಸ್ತವ ಭಾಗ ಈಗ ಋಣವಾಗಿದೆ. ಸುಮಾರು 19 ತಿಂಗಳ ಒಂದು ಸುತ್ತಿನಲ್ಲಿ ಏರಿಳಿತ ಸುಮಾರು ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಪಥ ಸುರುಳಿಯಾಗಿ ಒಳಕ್ಕೆ ಬಂದು ಸಮತೋಲನವನ್ನು ಸೇರುತ್ತದೆ. ವಾಸ್ತವ ಭಾಗಗಳು ಯಾವುವೂ ಸೊನ್ನೆಯಲ್ಲದಿದ್ದಾಗ ಸಮತೋಲನದ ಹತ್ತಿರ ಮೂಲ ವ್ಯವಸ್ಥೆಯೂ ಅದರ ಸರಳ ರೂಪದಂತೆಯೇ ವರ್ತಿಸುತ್ತದೆ ಎನ್ನುತ್ತದೆ ಹಾರ್ಟ್‌ಮನ್–ಗ್ರೋಬ್ಮನ್ ಪ್ರಮೇಯ. ಆದ್ದರಿಂದ ಇಲ್ಲಿ ಸ್ಥಿರತೆಯ ತೀರ್ಪನ್ನು ನಂಬಬಹುದು.

ಎರಡೂ ಜೀವಿಗಳು ಇಲ್ಲದ (0, 0) ಬಿಂದುವಿನಲ್ಲಿ ಎರಡು ಮಾದರಿಗಳಲ್ಲೂ ಐಗೆನ್ ಮೌಲ್ಯಗಳು 0.8 ಮತ್ತು −0.2. ಒಂದು ಧನ, ಒಂದು ಋಣ. ಆದ್ದರಿಂದ ಆ ಸಮತೋಲನ ಅಸ್ಥಿರ: ಶಾರ್ಕ್ ಮಾತ್ರ ಇದ್ದರೆ ಸಂಖ್ಯೆ ಸೊನ್ನೆಯತ್ತ ಇಳಿಯುತ್ತದೆ, ಒಂದಿಷ್ಟು ಮೀನು ಸೇರಿದರೆ ಸಾಕು, ಅವುಗಳ ಬೆಳವಣಿಗೆ ವ್ಯವಸ್ಥೆಯನ್ನು ಅಲ್ಲಿಂದ ದೂರ ಒಯ್ಯುತ್ತದೆ.