ಮೊದಲ ಸಲ ವಿಮಾನ ಹತ್ತುವವರಿಗೆ: ಎತ್ತಿಟ್ಟುಕೊಳ್ಳಬೇಕಾದ ಪಟ್ಟಿ

ಹಾಸನದ ದಂಪತಿ ದುಬೈನಲ್ಲಿರುವ ಮಗಳ ಮನೆಗೆ ಒಂದು ತಿಂಗಳ ಮಟ್ಟಿಗೆ ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಇದೇ ಮೊದಲ ವಿಮಾನ. ಮನೆಯವರಿಗೆಲ್ಲ ಸೂಟ್‌ಕೇಸಿನ ತೂಕದ್ದೇ ಚಿಂತೆ. ತೂಕ ಹೆಚ್ಚಾದರೆ ದುಡ್ಡು ಕಟ್ಟಬಹುದು, ಇಲ್ಲವೇ ಎರಡು ಸೀರೆ ತೆಗೆದಿಡಬಹುದು. ಆದರೆ ಕಾಗದದಲ್ಲಿ ಹೆಸರು ತಪ್ಪಿದ್ದರೆ, ಆ ದೇಶದಲ್ಲಿ ನಿಷೇಧವಿರುವ ಪದಾರ್ಥ ಚೀಲದಲ್ಲಿದ್ದರೆ ಪ್ರಯಾಣವೇ ನಿಂತುಹೋಗಬಹುದು. ಹಾಗಾಗಿ ತಯಾರಿಯನ್ನು ಈ ಕ್ರಮದಲ್ಲಿ ಮಾಡಿಕೊಳ್ಳುವುದು ಒಳ್ಳೆಯದು.

ಟಿಕೆಟ್‌ಗೂ ಮೊದಲು ಹೆಸರು

ದುಬೈ ತಲುಪುವ ದಿನದಿಂದ ಲೆಕ್ಕ ಹಾಕಿದರೆ ಪಾಸ್‌ಪೋರ್ಟ್‌ಗೆ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಅದು ಸರಿಯಿದ್ದರೆ ಹೆಸರಿನ ಸಾಲು ನೋಡಿ. ನಮ್ಮಲ್ಲಿ ಹೆಸರಿನ ಹಿಂದೆ ಇನಿಷಿಯಲ್ ಇರುತ್ತದೆ, ಮನೆತನದ ಹೆಸರು ಇರುವುದೇ ಅಪರೂಪ. ಹೀಗಾಗಿ ಹಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸಿ ವೀಸಾ ಕೊಡುವುದನ್ನು ಯುಎಇ 2022ರ ನವೆಂಬರ್‌ನಲ್ಲಿ ಬಿಗಿ ಮಾಡಿತು. ನಿಮ್ಮದೂ ಹಾಗಿದ್ದರೆ ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಕಂಪನಿಯನ್ನು ಕೇಳಿ. ಸರ್‌ನೇಮ್ ಸೇರಿಸಬೇಕಾದರೆ ಹೊಸ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಟಿಕೆಟ್‌ನಲ್ಲಿ ಆಧಾರ್ ಕಾರ್ಡಿನ ಹೆಸರನ್ನಾಗಲಿ, ಊರಲ್ಲಿ ಕರೆಯುವ ಹೆಸರನ್ನಾಗಲಿ ಹಾಕಿಸಬೇಡಿ. ಪಾಸ್‌ಪೋರ್ಟ್‌ನಲ್ಲಿ ‘ಶಿವಣ್ಣ ರಂಗಪ್ಪ’ ಎಂದಿದ್ದು ಟಿಕೆಟ್‌ನಲ್ಲಿ ‘ಶಿವಣ್ಣ ಆರ್.’ ಎಂದಾದರೆ ಕೌಂಟರಿನಲ್ಲೇ ತಕರಾರು ಶುರುವಾಗುತ್ತದೆ. ವೀಸಾ ಕೈಗೆ ಬಂದ ಕೂಡಲೇ ಹೆಸರು, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ ಮೂರನ್ನೂ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ.

ಅಡುಗೆಮನೆಯಿಂದ ಹೊರಡುವ ಗಂಟು

ಅಮ್ಮಂದಿರು ಪ್ರೀತಿಯಿಂದ ಕಟ್ಟುವ ಗಂಟಿನಲ್ಲೇ ದೊಡ್ಡ ಅಪಾಯ ಅಡಗಿರುತ್ತದೆ. ಗಸಗಸೆ ನಮಗೆ ಪಾಯಸದ ಸಾಮಗ್ರಿ. ಆದರೆ ಅದು ಅಫೀಮು ಗಿಡದ ಬೀಜವಾದ್ದರಿಂದ ಯುಎಇಯಲ್ಲಿ ನಿಷೇಧವಿದೆ. ಪೊಟ್ಟಣ ತೆಗೆದಿಟ್ಟ ಮಾತ್ರಕ್ಕೆ ಮುಗಿಯಲಿಲ್ಲ: ಮನೆಯಲ್ಲಿ ಕುಟ್ಟಿದ ಮಸಾಲೆಪುಡಿಗೆ ಗಸಗಸೆ ಹುರಿದು ಹಾಕಿದ್ದರೆ ಆ ಪುಡಿಯನ್ನೂ ಮನೆಯಲ್ಲೇ ಬಿಡಿ. ಎಲೆಅಡಿಕೆ ಹಾಕುವ ಅಭ್ಯಾಸವಿದ್ದವರು ವೀಳ್ಯದೆಲೆಯನ್ನೂ ಒಯ್ಯಬಾರದು. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚಿದ್ದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಸಂಭವವಿರುವುದರಿಂದ ವಿಮಾನಯಾನದಲ್ಲಿ ಅದು ಅಪಾಯಕಾರಿ ಸರಕು. ಅದೂ ಬೇಡ.

ಮಾತ್ರೆಗಳು

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ಔಷಧದ ಮೂಲ ಹೆಸರು ಬರೆದ ಡಾಕ್ಟರ ಚೀಟಿ ಜೊತೆಗಿರಲಿ. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೊಡೀನ್ ಯುಎಇಯಲ್ಲಿ ನಿಯಂತ್ರಿತ ಔಷಧಗಳು. ಅವನ್ನು ಒಯ್ಯಲೇಬೇಕಿದ್ದರೆ ಅಲ್ಲಿನ ಸರ್ಕಾರದಿಂದ ಮೊದಲೇ ಅನುಮತಿ ಪಡೆಯಬೇಕು.

ಯಾವುದು ಯಾವ ಬ್ಯಾಗಿಗೆ

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸರಕಿಗೆ ಹೋಗುವ ಸೂಟ್‌ಕೇಸಿನಲ್ಲಿ ಇಡುವಂತಿಲ್ಲ. ಸಾಮಾನ್ಯ ಮಿತಿ 100 ವಾಟ್-ಅವರ್. ಎಲ್ಲರ ಬಳಿ ಇರುವ 20,000 ಎಂಎಎಚ್‌ನದು ಸುಮಾರು 74 ವಾಟ್-ಅವರ್ ಆಗುವುದರಿಂದ ಅದಕ್ಕೆ ತೊಂದರೆಯಿಲ್ಲ. ಉಪ್ಪಿನಕಾಯಿ, ತುಪ್ಪ, ಕೊಬ್ಬರಿ ಎಣ್ಣೆಯನ್ನು ದ್ರವವೆಂದೇ ಲೆಕ್ಕ ಹಾಕುತ್ತಾರೆ. ಕೈಚೀಲದಲ್ಲಿ 100 ಎಂಎಲ್‌ಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ. ಇವನ್ನು ಸೋರದಂತೆ ಕಟ್ಟಿ ಸೂಟ್‌ಕೇಸಿಗೆ ಹಾಕುವುದಾದರೂ ಎಷ್ಟು ಒಯ್ಯಬಹುದೆಂದು ವಿಮಾನ ಕಂಪನಿಯನ್ನು ಕೇಳಿಕೊಳ್ಳಿ.

ಮಧ್ಯರಾತ್ರಿಯ ತಾರೀಖು

ಗಲ್ಫ್ ಕಡೆಯ ಹಲವು ವಿಮಾನಗಳು ನಡುರಾತ್ರಿಯ ಆಸುಪಾಸು ಹೊರಡುತ್ತವೆ. ಟಿಕೆಟ್‌ನಲ್ಲಿ ‘15ನೇ ತಾರೀಖು, 00:40’ ಎಂದಿದ್ದರೆ 14ರ ರಾತ್ರಿ ಹನ್ನೆರಡು ಕಳೆದು ನಲವತ್ತು ನಿಮಿಷ ಎಂದರ್ಥ. 15ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ. ಮೂರು ಗಂಟೆ ಮೊದಲು ಇರಬೇಕಾದ್ದರಿಂದ 14ರ ರಾತ್ರಿ ಒಂಬತ್ತೂವರೆಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಟರ್ಮಿನಲ್ 2 ಮುಟ್ಟಬೇಕು. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ ಓಡುತ್ತದೆ. ಇಳಿಯುವ ಸಮಯ ಅಲ್ಲಿನ ಲೆಕ್ಕದ್ದು.

ಒಳಗೆ ಹೋದ ಮೇಲೆ ಕ್ರಮ ಹೀಗೆ: ಬಾಗಿಲಲ್ಲಿ ಟಿಕೆಟ್ ಮತ್ತು ಪಾಸ್‌ಪೋರ್ಟ್, ಕೌಂಟರಿನಲ್ಲಿ ಸೂಟ್‌ಕೇಸ್ ಕೊಟ್ಟು ಬೋರ್ಡಿಂಗ್ ಪಾಸ್, ಆಮೇಲೆ ಇಮಿಗ್ರೇಷನ್ ಮುದ್ರೆ, ಭದ್ರತಾ ತಪಾಸಣೆ, ಕೊನೆಗೆ ಗೇಟ್. ಎಲ್ಲಿಗೆ, ಯಾರ ಮನೆಗೆ, ಎಷ್ಟು ದಿನ ಎಂದು ಇಮಿಗ್ರೇಷನ್‌ನಲ್ಲಿ ಕೇಳಬಹುದು. ಕನ್ನಡದಲ್ಲೇ ಆದರೂ ಚುಟುಕಾಗಿ, ಇದ್ದದ್ದನ್ನು ಹೇಳಿದರೆ ಸಾಕು.

ಮನೆ ಬಿಡುವ ಮುನ್ನ ಕೈಚೀಲದಲ್ಲಿ

- ಪಾಸ್‌ಪೋರ್ಟ್, ವೀಸಾ ಮುದ್ರಿತ ಪ್ರತಿ, ಹೋಗಿಬರುವ ಟಿಕೆಟ್
- ಮಗಳ ವಿಳಾಸ, ಫೋನ್ ಸಂಖ್ಯೆ ಬರೆದ ಚೀಟಿ. ಅವಳ ಗುರುತಿನ ಚೀಟಿಯ ಪ್ರತಿ
- ಪ್ರಯಾಣ ವಿಮೆಯ ಕಾಗದ, ಸ್ವಲ್ಪ ದಿರಹಂ
- ಮಾತ್ರೆ, ಡಾಕ್ಟರ ಚೀಟಿ
- ಚಾರ್ಜರ್, ಪವರ್ ಬ್ಯಾಂಕ್, ಕನ್ನಡಕ
- ಒಂದು ಜೊತೆ ಬಟ್ಟೆ, ಸೂಟ್‌ಕೇಸ್ ತಡವಾಗಿ ಬಂದರೆ ಬೇಕಾಗುತ್ತದೆ